ಕೆಲಸದ ಮಾತು, ಭಾಗ 6: ಜಾಯ್ನಿಂಗ್ ಡೇಟ್ ಮುಂದೆ ಹಾಕೋದು ಹೇಗೆ?

ಆಫರ್ ಲೆಟರ್‌ಗೆ ಸೈನ್ ಹಾಕಿಯಾಗಿದೆ. ಈಗ ನೋಡಿದ್ರೆ ಹೇಳಿದ ದಿನ ಸೇರೋಕೆ ಆಗಲ್ಲ. ನಮ್ಮಲ್ಲಿ ಹೆಚ್ಚಿನವರು ಏನ್ಮಾಡ್ತಾರೆ? ಎಚ್‌ಆರ್ ಫೋನ್ ಬಂದ್ರೆ ಎತ್ತಲ್ಲ. ಕೊನೇ ವಾರದಲ್ಲಿ "ಸರ್, ಹುಷಾರಿಲ್ಲ" ಅಂತ ಮೆಸೇಜ್ ಹಾಕ್ತಾರೆ. ನನ್ನ ಪ್ರಕಾರ ತಡವಾಗಿ ಸೇರೋದಕ್ಕಿಂತ ತಡವಾಗಿ ಹೇಳೋದೇ ಆಫರ್‌ಗೆ ಜಾಸ್ತಿ ಅಪಾಯ.

ಒಂದು ಉದಾಹರಣೆ ತಗೊಳ್ಳಿ. ಜೂನ್ 2, 2025ಕ್ಕೆ ಒಬ್ಬಳು ರಾಜೀನಾಮೆ ಕೊಟ್ಟಳು. ನೋಟಿಸ್ ಪಿರಿಯಡ್ 60 ದಿನ. ಮ್ಯಾನೇಜರ್ ಬೇಗ ಬಿಡ್ತಾರೆ ಅನ್ನೋ ನಂಬಿಕೆ ಮೇಲೆ ಹೊಸ ಕಂಪನಿಗೆ ಜುಲೈ 14 ಅಂತ ಒಪ್ಪಿಕೊಂಡಳು. ಜೂನ್ 20ಕ್ಕೆ ಮ್ಯಾನೇಜರ್ "ಆಗಲ್ಲ, ಪೂರ್ತಿ ನೋಟಿಸ್ ಮುಗಿಸು" ಅಂದುಬಿಟ್ಟರು. ಮಾರನೇ ದಿನದಿಂದ ಎಣಿಸಿದ್ರೆ ಕೊನೆಯ ದಿನ ಆಗಸ್ಟ್ 1, ಶುಕ್ರವಾರ.

ಅವಳು ಹೇಳಬೇಕಾದ ದಿನ ಜೂನ್ 20. ಅಂದೇ ರಿಕ್ರೂಟರ್‌ಗೆ ಫೋನ್, ಅದಾದ ಮೇಲೆ ಮೇಲ್. ಇಂಗ್ಲಿಷಲ್ಲಿ ಬರೆದರೂ ವಿಷಯ ಇಷ್ಟೇ ಇರಲಿ:

"ಜುಲೈ 14ಕ್ಕೆ ಸೇರಲು ಒಪ್ಪಿದ್ದೆ. ಬೇಗ ಬಿಡುಗಡೆ ಮಾಡಲು ಈಗಿನ ಕಂಪನಿ ಒಪ್ಪಿಲ್ಲ. ಆ ಮೇಲ್ ಲಗತ್ತಿಸಿದ್ದೇನೆ. ನನ್ನ ಕೊನೆಯ ಕೆಲಸದ ದಿನ ಆಗಸ್ಟ್ 1. ಆಗಸ್ಟ್ 4, ಸೋಮವಾರ ಸೇರಲು ಅವಕಾಶ ಕೊಡಿ. ಒಪ್ಪಿಗೆಯಾದರೆ ಹೊಸ ದಿನಾಂಕವಿರುವ ಆಫರ್ ಲೆಟರ್ ಕಳುಹಿಸಿ."

ಇಲ್ಲಿ ಒಂದೇ ದಿನಾಂಕ ಇದೆ ನೋಡಿ. "ಒಂದೆರಡು ವಾರ ಬೇಕಾಗಬಹುದು" ಅಂದ್ರೆ ಆ ಮಾತು ಹಿಡ್ಕೊಂಡು ರಿಕ್ರೂಟರ್ ತನ್ನ ಮ್ಯಾನೇಜರ್ ಹತ್ರ ಹೋಗೋಕಾಗಲ್ಲ. ಎರಡನೇ ಸಲ ಮುಂದೆ ಹಾಕಿದ್ರಂತೂ "ಇವಳು ಬೇರೆ ಆಫರ್ ಹುಡುಕ್ತಿದ್ದಾಳೆ" ಅನ್ನೋ ಅನುಮಾನ ಶುರು. ಅದಕ್ಕೇ ಸಾಲದ ಒಂದು ವಾರ ಕೇಳೋದಕ್ಕಿಂತ, ಸಾಕಾಗೋ ಮೂರು ವಾರ ಒಂದೇ ಸಲ ಕೇಳಿ.

"ಬೈಔಟ್ ಮಾಡಿ ಬನ್ನಿ" ಅಂತ ಅವರು ಹೇಳಬಹುದು. ಅಂದ್ರೆ ಉಳಿದ ನೋಟಿಸ್ ದಿನಗಳಿಗೆ ಹಳೇ ಕಂಪನಿಗೆ ದುಡ್ಡು ಕಟ್ಟಿ ಹೊರಬರೋದು. ಹಳೇ ಕಂಪನಿ ಇದಕ್ಕೆ ಒಪ್ಪುತ್ತಾ, ದುಡ್ಡು ಯಾರು ಕೊಡ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಹೇಳದೆ ಕೇಳದೆ ಎರಡೂ ಕಡೆ ಕೆಲಸದಲ್ಲಿರೋ ಉಪಾಯ ಬೇಡವೇ ಬೇಡ. ಪಿಎಫ್ ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳ್ತೀರಿ.

ಇನ್ನೊಂದು ಮಾತು. ಫೋನಲ್ಲಿ "ಓಕೆ, ನೋ ಪ್ರಾಬ್ಲಮ್" ಅಂದ್ರು ಅಂತ ಸುಮ್ಮನಾಗಬೇಡಿ. ಹೇಳಿದ ದಿನ ಸೇರದಿದ್ರೆ ಆಫರ್ ರದ್ದು ಅನ್ನೋ ಸಾಲು ಎಷ್ಟೋ ಆಫರ್ ಲೆಟರ್‌ಗಳಲ್ಲಿ ಇರುತ್ತೆ. ಹೊಸ ದಿನಾಂಕ ಬರವಣಿಗೆಯಲ್ಲಿ ಬರೋವರೆಗೂ ನಿಮ್ಮ ದಿನಾಂಕ ಜುಲೈ 14ನೇ. ಎರಡು ದಿನ ಕಾದು, ಉತ್ತರ ಬರದಿದ್ರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಮತ್ತೆ ಕೇಳಿ.

ಅವರು ಆಗಲ್ಲ ಅಂತಲೂ ಅನ್ನಬಹುದು, ಆ ಹಕ್ಕು ಅವರಿಗಿದೆ. ಆದ್ರೆ ಆ "ಆಗಲ್ಲ" ಜೂನ್‌ನಲ್ಲೇ ಗೊತ್ತಾದ್ರೆ ಬೇರೆ ದಾರಿ ನೋಡೋಕೆ ನಿಮಗೆ ಒಂದು ತಿಂಗಳಿಗಿಂತ ಜಾಸ್ತಿ ಟೈಮ್ ಇರುತ್ತೆ.

ನೋಟಿಸ್ ಪಿರಿಯಡ್‌ನಲ್ಲಿರೋ ಫ್ರೆಂಡ್‌ಗೆ ಕಳಿಸಿ. 👇
#ಕೆಲಸದಮಾತು #ಆಫರ್‌ಲೆಟರ್ #ನೋಟಿಸ್‌ಪಿರಿಯಡ್