ಏಳು ಬಿಗಿ, ಎಂಟು ಖಾಲಿ: ಸೈಜ್ ಬದಲಿಸಲು ಹೊಸ ಆರ್ಡರ್ ಹಾಕಬೇಕೆ?

ಪರ ಮೊದಲು, ವಿರೋಧ ಆಮೇಲೆ ಎಂಬುದು ಈ ಪುಟದ ರೂಢಿ. ಈ ಸಲ ತಿರುಗಿಸಿದ್ದೇವೆ. ದೂರು ಏನೆಂದು ತಿಳಿಯದೆ ಸಮರ್ಥನೆ ಓದಿದರೆ ತಲೆಬುಡ ಹತ್ತುವುದಿಲ್ಲ.

ಪ್ರಶ್ನೆ ಇಷ್ಟು: ಆನ್‌ಲೈನ್‌ನಲ್ಲಿ ತರಿಸಿದ ಚಪ್ಪಲಿಯ ಸೈಜ್ ಹೊಂದದಿದ್ದಾಗ ಇದನ್ನು ಒಯ್ದು ಅದನ್ನು ಕೊಡುವ ಬದಲು, ಹಳೆಯ ಆರ್ಡರ್ ರದ್ದು ಮಾಡಿ ಹೊಸ ಆರ್ಡರ್ ಹಾಕಿಸುವುದು ಸರಿಯೆ? ವಿರೋಧವಾಗಿ ಬರೆದವರು ಚಿಕ್ಕೋಡಿಯ ಒಬ್ಬ ಶಿಕ್ಷಕಿ. ಪರವಾಗಿ ಬರೆದವರು ನಿಪ್ಪಾಣಿಯಲ್ಲಿ ಕೊಲ್ಲಾಪುರಿ ಚಪ್ಪಲಿಗಳನ್ನು ಅಂಗಡಿಯಲ್ಲೂ ಆ್ಯಪ್‌ಗಳಲ್ಲೂ ಮಾರುವ ವ್ಯಾಪಾರಿ. ಶಿಕ್ಷಕಿಗೆ ಚಪ್ಪಲಿ ಕಳಿಸಿದವರು ಇವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ವಿರೋಧ

ಅಪ್ಪನಿಗೆಂದು 7 ನಂಬರಿನ ಕೊಲ್ಲಾಪುರಿ ತರಿಸಿದೆ. ಆಫರ್‌ನಲ್ಲಿ 899 ರೂಪಾಯಿ. ಮನೆಗೆ ಬಂದ ಮೇಲೆ ದುಡ್ಡು ಕೊಟ್ಟೆ. ಅಪ್ಪ ಕಾಲು ತೂರಿಸಿ, "ಬಿಗಿ ಆಗತೈತಿ ಬಾಳಾ, ಒಂದು ನಂಬರ ದೊಡ್ಡದು ತರಸು" ಎಂದರು. ಆ್ಯಪ್‌ನಲ್ಲಿ ಏಳು ದಿನದೊಳಗೆ ಬದಲಿಸಬಹುದು ಎಂದಿತ್ತು. ಎರಡನೇ ದಿನವೇ ಎಕ್ಸ್‌ಚೇಂಜ್ ಒತ್ತಿ 8 ಆರಿಸಿದೆ. 8 ಇದೆ ಎಂದೇ ತೋರಿಸಿತು.

ಐದನೇ ದಿನ ಕೊರಿಯರ್ ಹುಡುಗ ಬರಿಗೈಯಲ್ಲಿ ಬಂದ. "ನನ್ನ ಕಡೆ ಪಿಕಪ್ ಅಷ್ಟ ಬಂದೈತ್ರಿ ಅಕ್ಕಾರ, ಹೊಸಾದು ನನಗ ಗೊತ್ತಿಲ್ಲ" ಎಂದ. ಹೊಸದು ಕಾಣದೆ ಹಳೆಯದನ್ನು ಹೇಗೆ ಕೊಡಲಿ? ಇಲ್ಲ ಎಂದೆ. ಸಂಜೆ ಮೊಬೈಲಿಗೆ ಬಂದ ಸಂದೇಶ: ಗ್ರಾಹಕರು ಪಿಕಪ್ ನಿರಾಕರಿಸಿದ್ದರಿಂದ ಎಕ್ಸ್‌ಚೇಂಜ್ ರದ್ದು. ಏಳನೇ ದಿನ, ಅವಧಿ ಮುಗಿಯುವ ಮುನ್ನ, ಮತ್ತೆ ಒತ್ತಿದೆ. ಈ ಸಲ ಚಪ್ಪಲಿ ಕೊಟ್ಟು ಕಳಿಸಿದೆ. ನಾಲ್ಕು ದಿನ ಬಿಟ್ಟು ಇನ್ನೊಂದು ಸಂದೇಶ: ನೀವು ಕೇಳಿದ ಸೈಜ್ ಲಭ್ಯವಿಲ್ಲ, ಹಣ ಮರಳಿಸಲಾಗುವುದು. ನಾನು ಕೊಟ್ಟಿದ್ದು ನಗದು, ಹಾಗಾಗಿ ಮರಳಿ ಪಡೆಯಲು ಬ್ಯಾಂಕ್ ಖಾತೆಯ ವಿವರ ತುಂಬಬೇಕಾಯಿತು.

ಅದೇ ದಿನ ಅದೇ ಆ್ಯಪ್‌ನಲ್ಲಿ 8 ನಂಬರ್ ಇತ್ತು. ಮಾರಾಟಗಾರ ಬೇರೆ, ಬೆಲೆ 1,149. ಆಫರ್ ಮುಗಿದಿತ್ತು. ಹೊಸ ಆರ್ಡರ್ ಹಾಕಿದೆ. ಬಂದ ಚಪ್ಪಲಿಯಲ್ಲಿ ಅಪ್ಪನ ಹಿಮ್ಮಡಿಯ ಹಿಂದೆ ಬೆರಳಗಲ ಜಾಗ ಖಾಲಿ. ಬದಲಿಸಲು ಹೋದರೆ ಈ ಮಾರಾಟಗಾರರಲ್ಲಿ ಎಕ್ಸ್‌ಚೇಂಜ್ ಇಲ್ಲ, ರಿಟರ್ನ್ ಮಾತ್ರ. ಮತ್ತೆ ರದ್ದು, ಮತ್ತೆ ಹೊಸ ಆರ್ಡರ್. ಗಾಣದೆತ್ತು ಕೂಡ ಎಣ್ಣೆ ಬಂದ ಮೇಲೆ ನಿಲ್ಲುತ್ತದೆ.

ಸೈಜ್ ಹೊಂದದಿದ್ದರೆ ಬದಲಿಸಿ ಕೊಡುವುದು ಮಾರುವವರ ಮೇಲೆ ಕಾನೂನೇ ಹೊರಿಸಿದ ಹೊಣೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಮಾರಿದ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದಿದೆ. ಹಾಗಿರುವಾಗ ನನ್ನನ್ನು ಹೊಸ ಗಿರಾಕಿಯಂತೆ ಹೊಸ ಬೆಲೆಯ ಮುಂದೆ ನಿಲ್ಲಿಸುವುದು ಯಾವ ನ್ಯಾಯ?

ಪರ

ಅಕ್ಕಾವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕೌಂಟರಿನ ಈಚೆ ನಿಂತವನ ಲೆಕ್ಕವನ್ನೂ ಕೇಳಲಿ.

ನಮಗೆ 7 ಮತ್ತು 8 ಒಂದೇ ಚಪ್ಪಲಿಯ ಎರಡು ರೂಪವಲ್ಲ, ಎರಡು ಬೇರೆ ಮಾಲು. ಎರಡಕ್ಕೂ ಬೇರೆ ಕೋಡ್, ಬೇರೆ ದಾಸ್ತಾನು. ನನ್ನ ಹತ್ತಿರ ಒಂದು ನಮೂನೆಯಲ್ಲಿ 8 ನಂಬರಿನ ಆರು ಜೋಡಿ ಇದ್ದರೆ ಹೆಚ್ಚು. ಅಥಣಿ ಕಡೆಯ, ಮದಭಾವಿ ಕಡೆಯ ಮನೆಗಳಲ್ಲಿ ಕೈಯಿಂದ ಹೊಲಿದು ಬರುವ ಮಾಲು ಇದು, ಬೇಕೆಂದಾಗ ಅಚ್ಚಿನಿಂದ ಉದುರುವುದಿಲ್ಲ. ನೀವು ಎಕ್ಸ್‌ಚೇಂಜ್ ಒತ್ತಿದಾಗ ಸ್ಕ್ರೀನಿನಲ್ಲಿ 8 ಇದೆ ಎಂದು ಕಂಡದ್ದು ಸುಳ್ಳಲ್ಲ. ಆದರೆ ಅನೇಕ ಕಡೆ ಹೊಸ ಜೋಡಿಯನ್ನು ನಿಮ್ಮ ಹೆಸರಿಗೆ ತೆಗೆದಿಡುವುದು ಹಳೆಯದು ಕೈ ಸೇರಿದ ಮೇಲೆ. ನಡುವಿನ ದಿನಗಳಲ್ಲಿ ಪೂರ್ತಿ ಹಣ ಕೊಟ್ಟು ಕೊಂಡವರು ಅದನ್ನು ಒಯ್ದಿರುತ್ತಾರೆ. ನಿಮ್ಮ ಎಕ್ಸ್‌ಚೇಂಜ್ ಸತ್ತದ್ದು ಅಲ್ಲಿ.

ಹಾಗಾದರೆ ಮೊದಲೇ ತೆಗೆದಿಡಬಾರದೇ ಎಂದರೆ, ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಗಂಟೆಯೊಳಗೆ ಬರಬಹುದಾದ ಪೆಟ್ಟಿಗೆ ಕೊರಿಯರ್‌ನಲ್ಲಿ ಬೆಳಗಾವಿಗೆ ಹೋಗಿ, ಅಲ್ಲಿಂದ ತಿರುಗಿ ಬರುತ್ತದೆ. ಒಂದು ವಾರ, ಹತ್ತು ದಿನ. ಅಷ್ಟು ದಿನ ಆರರಲ್ಲಿ ಎರಡು ಜೋಡಿ ಕಟ್ಟಿಟ್ಟರೆ ಆ ದಾಸ್ತಾನಿನ ಮೂರರಲ್ಲೊಂದು ಪಾಲು ಕುಳಿತುಬಿಡುತ್ತದೆ. ವಾಪಸ್ ಬಂದದ್ದನ್ನು ನೋಡದೆ ಹೊಸದು ಕಳಿಸುವಂತೆಯೂ ಇಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನ ಅಟ್ಟೆ ಇದು. ಫರಸಿಯ ಮೇಲೆ ನಾಲ್ಕು ಹೆಜ್ಜೆ ನಡೆದರೂ ಗೀರು ಬೀಳುತ್ತದೆ. ಆ ಜೋಡಿಯನ್ನು ಇನ್ನೊಬ್ಬರಿಗೆ ಹೊಸದೆಂದು ಮಾರಲಾರೆ. ಹಾಸಿಗೆಯ ಮೇಲೆ ಮೆಟ್ಟಿ ನೋಡಿ ಎಂದು ಪೆಟ್ಟಿಗೆಯಲ್ಲಿ ಚೀಟಿ ಇಡುತ್ತೇನೆ. ಓದುವವರು ಕಡಿಮೆ.

ಇನ್ನು ಬಿಲ್ಲು. ಜಿಎಸ್‌ಟಿ ಕಾನೂನಿನಲ್ಲಿ ವಿನಿಮಯವೂ ಒಂದು ಪೂರೈಕೆಯೇ. ವಾಪಸ್ ಬಂದ 7ಕ್ಕೆ ಕ್ರೆಡಿಟ್ ನೋಟ್, ಹೋಗುವ 8ಕ್ಕೆ ಹೊಸ ಬಿಲ್. ಇದು ಬರೀ ಕಾಗದದ ಶಾಸ್ತ್ರವಲ್ಲ. 2025ರ ಸೆಪ್ಟೆಂಬರ್ 22ರಂದು 2,500 ರೂಪಾಯಿವರೆಗಿನ ಪಾದರಕ್ಷೆಗಳ ತೆರಿಗೆ ಶೇ 5ಕ್ಕೆ ಇಳಿಯಿತು. ನಮ್ಮ ಅಗ್ಗದ ಜೋಡಿಗಳಿಗೆ ಅದಕ್ಕೂ ಮೊದಲು ಶೇ 12 ಇತ್ತು. 20ನೇ ತಾರೀಖು ಕೊಂಡು 26ಕ್ಕೆ ಬದಲಿಸಿದವರ ಹಳೆಯ ಜೋಡಿಗೆ ಒಂದು ದರ, ಹೊಸದಕ್ಕೆ ಇನ್ನೊಂದು. ಒಂದೇ ಆರ್ಡರಿನಡಿ ಎರಡನ್ನೂ ತುರುಕಿದರೆ ಲೆಕ್ಕ ಬರೆಯುವವನು ನನ್ನನ್ನು ಹುಡುಕಿಕೊಂಡು ಬರುತ್ತಾನೆ.

ಕಾನೂನಿನ ವಿಷಯದಲ್ಲಿ ಅಕ್ಕಾವರದು ಅರ್ಧ ಸರಿ. ದೋಷವಿರುವ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ, ಇಲ್ಲವೇ ಹೇಳಿದ ಅವಧಿ ಮೀರಿ ಬಂದ ಮಾಲನ್ನು ವಾಪಸ್ ಪಡೆಯಲು ನಿರಾಕರಿಸಬಾರದು ಎಂಬುದು ನಿಯಮ. ನೀವು ಆರಿಸಿದ ನಂಬರ್ ನಿಮ್ಮ ಕಾಲಿಗೆ ಹೊಂದದಿದ್ದರೆ ಅದು ದೋಷವಲ್ಲ. ಅಲ್ಲಿ ಬದಲಿಸಿ ಕೊಡುವುದು ಮಾರುವವನು ತಾನಾಗಿ ಕೊಟ್ಟ ಮಾತು, ಆ ಮಾತಿನ ಷರತ್ತುಗಳೇ ನಡೆಯುತ್ತವೆ. ಆದರೆ ಸೈಜ್ ಪಟ್ಟಿಯಲ್ಲಿ 25.7 ಸೆಂಟಿಮೀಟರ್ ಎಂದು ಬರೆದು 25 ಕಳಿಸಿದ್ದರೆ ಮಾತು ಬೇರೆ. ಆಗ ಅದು ಹೇಳಿದಂತಿಲ್ಲದ ಮಾಲು. ಚಪ್ಪಲಿ ಕೊಟ್ಟು ಕಳಿಸುವ ಮುನ್ನ ಪಟ್ಟಿಯಲ್ಲಿ ಹೇಳಿದ ಜಾಗದಲ್ಲೇ ಸ್ಕೇಲ್ ಇಟ್ಟು ಫೋಟೊ ತೆಗೆದಿದ್ದೀರಾ?

ನಡುವೆ ಬಂದ ಒಂದು ಪತ್ರ

ಕಾಗವಾಡದ ಹಿರಿಯ ಓದುಗರೊಬ್ಬರಿಗೆ ಪ್ರಶ್ನೆ ತಲುಪಿದ ರೀತಿಯೇ ಬೇರೆ. ಮಿರಜ್‌ನ ಅಂಗಡಿಯೊಂದರಲ್ಲಿ ಮೊಮ್ಮಗನಿಗೆ ಕೊಂಡ ಅಂಗಿಯ ತೋಳು ಉದ್ದವಾಗಿ, ಬದಲಿಸಲು ಹೋದಾಗ "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಫಲಕ ತೋರಿಸಿದರಂತೆ. ಎರಡು ಪುಟ ತುಂಬಾ ಆ ಜಗಳವೇ ಇದೆ. ಕೊನೆಗೆ ದರ್ಜಿ ತೋಳು ಮಡಚಿ ಕೊಟ್ಟನಂತೆ. ಪತ್ರ ನಮ್ಮ ವಿಷಯಕ್ಕೆ ಸೇರದು. ಆದರೆ ಕೊನೆಯ ಸಾಲನ್ನು ಬಿಡಲಾಗಲಿಲ್ಲ: "ಅಂಗಿ ಬದಲಿಸೋದಕ್ಕಿಂತ ತೋಳ ಮಡಚೋದು ಸ್ವಸ್ತ ಬಿತ್ತು." ನಮ್ಮ ಚಪ್ಪಲಿಯ ಜಗಳವೂ ಕೊನೆಗೆ ಬಂದು ನಿಂತದ್ದು ಹಾಗೆಯೇ, ಪಾದದ ಮೇಲಿನ ಪಟ್ಟಿಯಲ್ಲಿ.

ಶಿಕ್ಷಕಿಯ ಮರುಮಾತು

ಫೋಟೊ ತೆಗೆದಿಲ್ಲ. ಒಪ್ಪಿದೆ. ಕಾನೂನಿನ ವಿಷಯದಲ್ಲೂ ತಿದ್ದಿಕೊಂಡೆ. ಬಿಲ್ಲುಗಳು ಎರಡಿರಲಿ, ಹತ್ತಿರಲಿ, ಅದು ನಿಮ್ಮ ಪುಸ್ತಕದ ವಿಷಯ. ನನ್ನ ತಕರಾರು 250 ರೂಪಾಯಿಯದು. ಎಕ್ಸ್‌ಚೇಂಜ್ ಕೇಳಿದ ದಿನ 8ರ ಬೆಲೆಯೂ 899 ಇತ್ತು. ದಿನಗಳು ಕಳೆದದ್ದು ಕೊರಿಯರ್‌ನ ಹಾದಿಯಲ್ಲಿ, ರದ್ದು ಮಾಡಿದ್ದು ಅವರು, ಹೆಚ್ಚು ಕೊಟ್ಟದ್ದು ನಾನು. ಸೈಜ್ ಸಿಗದಿದ್ದರೆ ಹಣದ ಜೊತೆ ಹಳೆಯ ಬೆಲೆಯ ಹಕ್ಕನ್ನೂ ಮರಳಿಸಲಿ. ಇಂತಿಷ್ಟು ದಿನದೊಳಗೆ ಅದೇ ಚಪ್ಪಲಿಯನ್ನು ಅದೇ ಬೆಲೆಗೆ ಕೊಳ್ಳಬಹುದು ಎಂದು ಒಂದು ಕೂಪನ್ ಕೊಡಲು ಏನು ಕಷ್ಟ?

ವ್ಯಾಪಾರಿಯ ಮರುಮಾತು

ನನ್ನ ಅಂಗಡಿಯ ಬೆಲೆಯಾದರೆ ಕೊಡುತ್ತೇನೆ, ಕೊಟ್ಟೂ ಇದ್ದೇನೆ. ಆ್ಯಪ್‌ನ ಆಫರ್‌ನಲ್ಲಿ ಒಂದು ಪಾಲು ಕಂಪನಿಯದು. ಆಫರ್ ಮುಗಿದ ಮೇಲೆ ಆ ಪಾಲನ್ನು ನನ್ನ ಕಿಸೆಯಿಂದ ತುಂಬಲಾರೆ. ನಿಮಗೆ 8 ಮಾರಿದವನಂತೂ ಬೇರೆ ಮನುಷ್ಯ, ನಿಮ್ಮ 899 ಅವನಿಗೆ ಗೊತ್ತೇ ಇಲ್ಲ.

ಆದರೆ ಅಕ್ಕಾವರ, ಎಂಟಕ್ಕೆ ಹೋದದ್ದೇ ತಪ್ಪೆಂದು ನನ್ನ ಅನುಮಾನ. ನಮ್ಮ ನಂಬರಿನಲ್ಲಿ ಒಂದು ಹೆಜ್ಜೆ ಏರಿದರೆ ಉದ್ದ ಬೆಳೆಯುವುದು ಇಂಚಿನ ಮೂರನೇ ಒಂದು ಪಾಲು, ಎಂಟೂವರೆ ಮಿಲಿಮೀಟರ್. ಪಾದದ ಮೇಲಿನ ಪಟ್ಟಿ ಅದೇ ಲೆಕ್ಕದಲ್ಲಿ ಅಗಲವಾಗುವುದಿಲ್ಲ. ಅಪ್ಪಾಜಿಗೆ ಬಿಗಿಯಾದದ್ದು ಬೆರಳ ತುದಿಯಲ್ಲೋ, ಪಟ್ಟಿಯ ಕೆಳಗೋ? 8ರಲ್ಲಿ ಹಿಂದೆ ಬೆರಳಗಲ ಉಳಿಯಿತು ಎಂದಿರಿ. ಅಲ್ಲಿಗೆ ಉದ್ದಕ್ಕೆ 7 ಸಾಕಿತ್ತು. ಬಿಗಿದದ್ದು ಪಟ್ಟಿ. ಹೊಸ ತೊಗಲು ಮೊದಲ ವಾರ ಬಿಗಿಯೇ, ಎಣ್ಣೆ ಸವರಿ ಮನೆಯಲ್ಲಿ ಮೆಟ್ಟುತ್ತಿದ್ದರೆ ಸಡಿಲುತ್ತದೆ. ನಮ್ಮಲ್ಲಿಗೆ ಬಂದವರ ಪಾದವನ್ನು ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಪಟ್ಟಿಯ ಜಾಗದಲ್ಲಿ ದಾರ ಸುತ್ತಿ ಅಳೆಯುತ್ತೇವೆ. ಆ್ಯಪ್‌ನ ಸೈಜ್ ಪಟ್ಟಿಯಲ್ಲಿ ಆ ದಾರದ ಅಳತೆಗೆ ಜಾಗವೇ ಇಲ್ಲ. ಅದು ಬರುವವರೆಗೆ 7 ಕೊಟ್ಟು 8 ತೆಗೆದುಕೊಳ್ಳುವ ಸುಲಭದ ವಿನಿಮಯ ಬಂದರೂ ಅರ್ಧ ಜನರಿಗೆ ತಪ್ಪು ಚಪ್ಪಲಿಯೇ ಬೇಗ ತಲುಪುತ್ತದೆ.

ಸಂಪಾದಕರ ಮಾತು

ಹೊಸ ಬಿಲ್ ಬೇಕು ಎಂಬಲ್ಲಿ ವ್ಯಾಪಾರಿ ಗೆದ್ದರು. ಬೆಲೆಯ ವಿಷಯದಲ್ಲಿ ನಾವು ಶಿಕ್ಷಕಿಯ ಪಕ್ಷ: ಸೈಜ್ ಇದೆ ಎಂದು ತೋರಿಸಿ ಹಳೆಯ ಜೋಡಿಯನ್ನು ಒಯ್ದವರು, ಆಮೇಲೆ ಇಲ್ಲ ಎಂದರೆ ವ್ಯತ್ಯಾಸ ಅವರ ಮೇಲೆ ಬೀಳಬೇಕು. ಆಫರ್‌ನಲ್ಲಿ ಯಾರ ಪಾಲು ಎಷ್ಟು ಎಂಬುದು ಅವರವರೊಳಗಿನ ಲೆಕ್ಕ. ಇದನ್ನು ವ್ಯಾಪಾರಿ ಒಪ್ಪಲಿಲ್ಲ, ಒಪ್ಪುತ್ತಾರೆಂಬ ನಿರೀಕ್ಷೆಯೂ ನಮಗಿಲ್ಲ. ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದರೆ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕೆಂದು ಅದೇ 2020ರ ನಿಯಮಗಳಲ್ಲಿದೆ. ಶಿಕ್ಷಕಿ ಬರೆದಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿದ್ದಾರೆ.

ಅವರ ತಂದೆ ಕಳೆದ ಭಾನುವಾರ ನಿಪ್ಪಾಣಿಗೆ ಹೋಗಿ ಕಾಗದದ ಮೇಲೆ ಪಾದ ಇಟ್ಟು ಬಂದರು. ಉದ್ದ 7, ಪಟ್ಟಿ ಕಾಲಿಂಚು ಸಡಿಲ. 8ರ ಜೋಡಿಯ 1,149 ರೂಪಾಯಿ ಈ ಸಂಚಿಕೆ ಅಚ್ಚಿಗೆ ಹೋಗುವವರೆಗೂ ಅವರ ಖಾತೆಗೆ ಮರಳಿಲ್ಲ.