ಎಲ್ಲರಿಗೂ ಐನೂರು ಕಳೆಯುವ ಲೆಕ್ಕ

ಮಾನ್ಯ ಸಂಪಾದಕರೇ,

ಮೈಯ ಕೊಬ್ಬನ್ನು ಕರಗಿಸಬಯಸುವವರೆಲ್ಲರೂ ತಮ್ಮ ನಿತ್ಯದ ಆಹಾರದಿಂದ 500 ಕ್ಯಾಲೊರಿಗಳನ್ನು ಕಳೆಯತಕ್ಕದ್ದೆಂದು ತಮ್ಮ ಆರೋಗ್ಯಪುಟದಲ್ಲಿ ಕಳೆದ ವಾರ ಪ್ರಕಟವಾದ ಸಲಹೆಯನ್ನು ಓದಿದೆನು. ಅದರ ಉದ್ದೇಶವು ಸಾಧುವಾದುದೇ. ಆದರೆ ದೇಹದ ಪ್ರಮಾಣವನ್ನು ನೋಡದೆ ಎಲ್ಲರಿಗೂ ಒಂದೇ ಮೊತ್ತವನ್ನು ವಿಧಿಸುವ ಈ ಪದ್ಧತಿಯು ಗಿಡ್ಡನೆಯ, ಸಣ್ಣ ಮೈಕಟ್ಟಿನ ಹೆಂಗಸರನ್ನು ಎಲ್ಲಿಗೆ ಮುಟ್ಟಿಸುತ್ತದೆಂಬುದನ್ನು ಲೇಖಕರು ಯೋಚಿಸಿದಂತೆ ಕಾಣುವುದಿಲ್ಲ.

ನನ್ನ ನಾದಿನಿಯ ವಿಷಯವನ್ನೇ ಹೇಳುತ್ತೇನೆ. ಆಕೆಗೆ ವಯಸ್ಸು 40, ಎತ್ತರ 145 ಸೆಂಟಿಮೀಟರ್, ತೂಕ 54 ಕಿಲೋ. ಆಹಾರತಜ್ಞರು ಇಂದಿಗೂ ಬಳಸುವ, 1990ರ ಮಿಫ್ಲಿನ್–ಸೇಂಟ್ ಜೋರ್ ಸೂತ್ರದಂತೆ ತೂಕದ ಹತ್ತರಷ್ಟಕ್ಕೆ ಎತ್ತರದ ಆರೂಕಾಲರಷ್ಟನ್ನು ಕೂಡಿಸಿ, ಅದರಲ್ಲಿ ವಯಸ್ಸಿನ ಐದರಷ್ಟನ್ನೂ ಮತ್ತೆ 161ನ್ನೂ ಕಳೆದರೆ, ಸುಮ್ಮನೆ ಮಲಗಿದ್ದರೂ ಆಕೆಯ ಹೃದಯ, ಶ್ವಾಸಕೋಶ, ಮಿದುಳುಗಳ ವ್ಯಾಪಾರಕ್ಕೆ ದಿನವೊಂದಕ್ಕೆ ಸುಮಾರು 1,085 ಕ್ಯಾಲೊರಿ ಬೇಕೆಂದು ತಿಳಿಯುತ್ತದೆ. ಕುಳಿತು ಮಾಡುವ ಕೆಲಸವನ್ನು ಸೇರಿಸಿದರೆ ಅದು 1,300. ಇದರಿಂದ 500 ಹೋದರೆ ಉಳಿಯುವುದು 800; ವೈದ್ಯರು ಸ್ವತಃ ಮೇಲ್ವಿಚಾರಣೆ ಮಾಡುತ್ತಾ ಮಾತ್ರ ಕೊಡತಕ್ಕಷ್ಟು ಅಲ್ಪಾಹಾರವದು. ಅದೇ ಮನೆಯಲ್ಲಿ ಎತ್ತರದ ಆಳಾದ ನನ್ನ ತಮ್ಮನಿಗೆ ದಿನಕ್ಕೆ 2,000 ಬೇಕಾಗುವುದರಿಂದ ಅವನ ಪಾಲಿನ ಕಾಲಂಶ ಹೋಗುತ್ತದೆ. ಆಕೆಯ ಪಾಲಿನಲ್ಲಿ ಐದರಲ್ಲೆರಡು ಅಂಶದಷ್ಟು ಹೋಗುತ್ತದೆ.

ಇಂತಹುದೇ ಒಂದು ಪಟ್ಟಿಯನ್ನು ಹಿಡಿದು ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಎರಡು ಚಪಾತಿ ಮತ್ತು ಪಲ್ಯ, ರಾತ್ರಿ ಒಂದು ಲೋಟ ಮಜ್ಜಿಗೆಯೊಡನೆ ಒಂದು ಹಣ್ಣು ಎಂದು ಆಕೆ ದಿನ ತಳ್ಳಿದಳು. ಮೊದಮೊದಲು ತೂಕವೇನೋ ಇಳಿಯಿತು. ಆದರೆ ಹಾಗೆ ಇಳಿಯುವುದರಲ್ಲಿ ನೀರಿನದೂ ಮಾಂಸಖಂಡದ್ದೂ ಪಾಲಿರುತ್ತದೆ. ಅನಂತರ ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲಿಡುವುದು, ಸೆಕೆಯಲ್ಲೂ ಅಂಗೈ ತಣ್ಣಗಿರುವುದು, ಮಲಬದ್ಧತೆ. ಎರಡು ಮೂರು ತಿಂಗಳು ಕಳೆದ ಮೇಲೆ ಬಾಚಣಿಗೆಯ ತುಂಬ ಕೂದಲು. ಕಡೆಗೆ ಮುಟ್ಟೇ ತಪ್ಪಿತು. ಇವು ಊಟ ಸಾಲದೆಂದು ದೇಹವು ಕೊಡುವ ಸೂಚನೆಗಳೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇಂಥವರು ದಿನಕ್ಕೆ ಇನ್ನೂರರಷ್ಟನ್ನು ಮಾತ್ರ ಕಡಿಮೆ ಮಾಡಬೇಕು, ಅದರಲ್ಲಿಯೂ ಅರ್ಧವನ್ನು ನಡಿಗೆಯಿಂದ ಪಡೆಯಬೇಕು. ಅರ್ಧ ಗಂಟೆಯ ಬಿರುಸು ನಡಿಗೆಗೆ ಈ ತೂಕದವರಲ್ಲಿ ಸುಮಾರು 100 ಕ್ಯಾಲೊರಿ ವ್ಯಯವಾಗುವುದು. ಉಳಿದ 100 ಕಡಿಮೆಯಾದರೆ ಊಟವು 1,200ರಲ್ಲಿ, ಎಂದರೆ ವಿಶ್ರಾಂತಿಯ ಲೆಕ್ಕಕ್ಕಿಂತ ಮೇಲೆಯೇ ನಿಲ್ಲುವುದು. ಆ ನೂರನ್ನು ಬೇಳೆಯಿಂದಾಗಲಿ ಮೊಸರಿನಿಂದಾಗಲಿ ತೆಗೆಯಕೂಡದು. ಅವುಗಳ ಪ್ರೋಟೀನೇ ಮಾಂಸಖಂಡವನ್ನು ಕಾಯುವುದಾದ್ದರಿಂದ ಈಕೆಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಸಿಗುವಂತೆ ಬೇಳೆಕಾಳು, ಮೊಸರು, ಮೊಟ್ಟೆ ಅಥವಾ ಸೋಯಾ ಇರಲೇಬೇಕು. ತೆಗೆಯಬೇಕಾದುದು ಒಗ್ಗರಣೆಯ ಎಣ್ಣೆ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲೊರಿ. ನಾವು ಬಾಂಡಲೆಗೆ ಕಣ್ಣಂದಾಜಿನಿಂದ ಸುರಿಯುವುದನ್ನು ಒಂದು ಸಲ ಚಮಚದಿಂದ ಅಳೆದು ನೋಡಿದರೆ ಎರಡು ಚಮಚವನ್ನು ಎಲ್ಲಿ ಬಿಡಬಹುದೆಂಬುದು ತಾನಾಗಿ ಕಾಣುತ್ತದೆ. ಎಣ್ಣೆಯನ್ನು ಮುಟ್ಟದೆ ಊಟವನ್ನೇ ಬಿಡುವುದು ನಮ್ಮ ಹೆಂಗಸರಿಗೆ ಹೇಗೋ ಸುಲಭವಾಗಿ ಒಗ್ಗಿದೆ!

ಈ ಲೆಕ್ಕದಲ್ಲಿ ತಿಂಗಳಿಗೆ ಇಳಿಯುವುದು ಹೆಚ್ಚೆಂದರೆ ಮುಕ್ಕಾಲು ಕಿಲೋ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ನಿಲ್ಲುವ ನೀರೇ ಒಂದು ಕಿಲೋವರೆಗೆ ತೂಗಬಹುದಾದುದರಿಂದ, ನಿಜವಾಗಿ ಕರಗಿದ ಕೊಬ್ಬು ತಕ್ಕಡಿಗೆ ಕಾಣದೆ ಹೋಗುತ್ತದೆ. ಆಗಲೇ ಇವರು ನಿರಾಶರಾಗಿ ಇನ್ನಷ್ಟು ಊಟ ಬಿಡುವುದು. ಈ ತಿಂಗಳ ಚಕ್ರದ ಐದನೆಯ ದಿನದ ತೂಕವನ್ನು ಮುಂದಿನ ತಿಂಗಳ ಐದನೆಯ ದಿನದ ತೂಕದೊಡನೆ ಹೋಲಿಸಿ, ಹೊಕ್ಕುಳ ಮಟ್ಟದ ಸುತ್ತಳತೆಯನ್ನು ಟೇಪಿನಿಂದ ನೋಡಿಕೊಳ್ಳುವುದು ಸರಿಯಾದ ಕ್ರಮ. ಎರಡು ತಿಂಗಳಾದರೂ ಎರಡೂ ಕದಲದಿದ್ದರೆ ಮೊದಲು ಎಣ್ಣೆಯ ಅಳತೆಯನ್ನು ಪರೀಕ್ಷಿಸಬೇಕಲ್ಲದೆ ತಟ್ಟೆಯನ್ನು ಬರಿದು ಮಾಡಬಾರದು. ಅಂದಹಾಗೆ, ಏಷ್ಯದವರಿಗೆ ಹೇಳಲಾಗುವ 23ರ ಬಿ.ಎಂ.ಐ. ಮಿತಿಯಂತೆ ಈ ಎತ್ತರದವರಿಗೆ 48 ಕಿಲೋ ಸರಿಯಾದ ತೂಕವೇ. ಆಗಲೇ ಅಷ್ಟರಲ್ಲಿರುವವರು ತೂಕ ಇಳಿಸಿಕೊಳ್ಳುವ ಗೋಜಿಗೇ ಹೋಗಬೇಕಾದುದಿಲ್ಲ.

ಆದುದರಿಂದ ಮುಂದಿನ ಸಂಚಿಕೆಗಳಲ್ಲಿ ಆಹಾರದ ಪಟ್ಟಿಯನ್ನು ಅಚ್ಚುಹಾಕುವಾಗ ಅದು ಯಾವ ಎತ್ತರದ, ಯಾವ ತೂಕದ ವ್ಯಕ್ತಿಗೆಂಬುದನ್ನು ತಲೆಯ ಮೇಲೆಯೇ ನಮೂದಿಸಬೇಕೆಂದೂ, ಪಥ್ಯದ ನಡುವೆ ಮುಟ್ಟು ನಿಂತವರು ಪಟ್ಟಿಯನ್ನು ಕೈಬಿಟ್ಟು ವೈದ್ಯರನ್ನು ಕಾಣಬೇಕೆಂಬ ಒಂದು ಸಾಲನ್ನು ಕೆಳಗೆ ಸೇರಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗೃಹವಿಜ್ಞಾನ ಅಧ್ಯಾಪಕಿ
ಮೈಸೂರು