ಫಂಡ್ ಗಳಿಸಿದ್ದು ಶೇ 12, ನಮ್ಮ ಮನೆಗೆ ಬಂದದ್ದು ಶೇ 5: ಎರಡೂ ನಿಜ

ಬೇಮಳಖೇಡ ಸುತ್ತಿನ ಹಳ್ಳಿಗಳಲ್ಲಿ ಹಣ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಸೋಯಾ ಮಾರಿದಾಗ ಒಂದಿಷ್ಟು, ತೊಗರಿ ರಾಶಿ ಮುಗಿದ ಮೇಲೆ ಇನ್ನೊಂದಿಷ್ಟು. ಒಳ್ಳೆ ವರ್ಷದಲ್ಲಿ ದೊಡ್ಡ ಮೊತ್ತ ಫಂಡಿಗೆ ಹೋಗುತ್ತದೆ, ಮದುವೆಗೋ ಬೋರ್‌ವೆಲ್‌ಗೋ ಮತ್ತೆ ಹೊರಬರುತ್ತದೆ. ಇಂಥ ಮನೆಯವರಿಗೆ ಏಜೆಂಟರು 'ಈ ಫಂಡ್ ವರ್ಷಕ್ಕೆ ಶೇ 12 ಕೊಟ್ಟಿದೆ' ಎಂದಷ್ಟೇ ಹೇಳಿ ಬಿಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ಅಂಕಿ ಸುಳ್ಳಲ್ಲ. ಆದರೆ ಅದು ಫಂಡಿನ ಗಳಿಕೆ, ಮನೆಯ ಗಳಿಕೆ ಅಲ್ಲ.

ಒಂದು ಖಾತೆಯ ಲೆಕ್ಕ ನೋಡೋಣ. ಸುಲಭವಾಗಲೆಂದು ಸರಳ ಅಂಕಿಗಳನ್ನೇ ಇಟ್ಟುಕೊಂಡಿದ್ದೇವೆ. 2021ರ ಫೆಬ್ರುವರಿ 1ರಂದು ₹50,000 ಹಾಕಿದರು. ಆಗ ಎನ್‌ಎವಿ 25, ಸಿಕ್ಕಿದ್ದು 2,000 ಯೂನಿಟ್. ಒಂದು ವರ್ಷದಲ್ಲಿ ಎನ್‌ಎವಿ 32.50ಕ್ಕೆ ಏರಿತು. ಏರಿಕೆ ನೋಡಿ ಧೈರ್ಯ ಬಂದು, ಕೈಯಲ್ಲಿ ಬೆಳೆಯ ಹಣವೂ ಇದ್ದುದರಿಂದ, ಇನ್ನೂ ₹1,30,000 ಹಾಕಿದರು. ಒಟ್ಟು 6,000 ಯೂನಿಟ್ ಆಯಿತು. ಮರುವರ್ಷ ಎನ್‌ಎವಿ 29.25ಕ್ಕೆ ಇಳಿಯಿತು. ಅದೇ ಹೊತ್ತಿಗೆ ಖರ್ಚು ಬಂದು 2,000 ಯೂನಿಟ್ ಮಾರಿ ₹58,500 ತೆಗೆದರು. 2024ರ ಫೆಬ್ರುವರಿ 1ಕ್ಕೆ ಎನ್‌ಎವಿ 35.10, ಉಳಿದ 4,000 ಯೂನಿಟ್‌ಗಳ ಬೆಲೆ ₹1,40,400.

ಫಂಡ್ ಮೊದಲ ವರ್ಷ ಶೇ 30 ಏರಿತು, ಎರಡನೆಯ ವರ್ಷ ಶೇ 10 ಇಳಿಯಿತು, ಮೂರನೆಯ ವರ್ಷ ಶೇ 20 ಏರಿತು. 1.30 × 0.90 × 1.20 ಗುಣಿಸಿದರೆ 1.404. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು ಶೇ 11.98. ಇದೇ ಟೈಮ್ ವೇಟೆಡ್ ರಿಟರ್ನ್. ಇದರಲ್ಲಿ ಯಾವ ವರ್ಷ ಎಷ್ಟು ಹಣ ಇತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಈಗ ರೂಪಾಯಿಯಲ್ಲಿ ನೋಡಿ. ಶೇ 30ರ ಏರಿಕೆ ಸಿಕ್ಕಿದ್ದು ಬರೀ ₹50,000ಕ್ಕೆ, ಲಾಭ ₹15,000. ಶೇ 10ರ ಇಳಿಕೆ ಹೊಡೆದದ್ದು ₹1,95,000ಕ್ಕೆ, ನಷ್ಟ ₹19,500. ಕೊನೆಯ ಏರಿಕೆಗೆ ಉಳಿದಿದ್ದು ₹1,17,000, ಲಾಭ ₹23,400. ಒಟ್ಟು ಕೈಗೆ ಬಂದ ಲಾಭ ₹18,900 ಮಾತ್ರ. ಹಣ ಹಾಕಿದ, ತೆಗೆದ ದಿನಗಳನ್ನೂ ಮೊತ್ತವನ್ನೂ ಹಿಡಿದು ಲೆಕ್ಕ ಹಾಕಿದರೆ ಸಿಗುವುದು ಮನಿ ವೇಟೆಡ್ ರಿಟರ್ನ್. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹೀಗೆ ಬರೆಯಿರಿ:

```
     A            B
1  2021-02-01   -50000
2  2022-02-01  -130000
3  2023-02-01    58500
4  2024-02-01   140400

=XIRR(B1:B4, A1:A4)
```

ಉತ್ತರ ಸುಮಾರು ಶೇ 5.16. ಹಾಕಿದ ಹಣಕ್ಕೆ ಮೈನಸ್, ತೆಗೆದದ್ದಕ್ಕೆ ಪ್ಲಸ್. ಕೊನೆಯ ಸಾಲಿನಲ್ಲಿ ಇಂದಿನ ಬೆಲೆಯನ್ನು, ಇವತ್ತೇ ಎಲ್ಲ ತೆಗೆದಂತೆ ಬರೆಯಬೇಕು. ಅದನ್ನು ಮರೆತರೆ ಉತ್ತರ ತಪ್ಪುತ್ತದೆ, ಇಲ್ಲವೇ `#NUM!` ಬರುತ್ತದೆ.

ಬೇಕಾದ ದಿನಾಂಕ, ಮೊತ್ತಗಳು ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಇಮೇಲ್‌ಗೆ ಕಳಿಸುವ ಒಟ್ಟು ಸ್ಟೇಟ್‌ಮೆಂಟಿನಲ್ಲಿವೆ. ಖಾತೆ ಶುರುವಾದ ದಿನದಿಂದ, ಪ್ರತಿ ವ್ಯವಹಾರವೂ ಇರುವ ಸ್ಟೇಟ್‌ಮೆಂಟ್ ಕೇಳಿ. ಈ ವರ್ಷದ್ದು ಮಾತ್ರ ತರಿಸಿದರೆ ಹಿಂದೆ ಹಾಕಿದ ಹಣ ಕಾಣುವುದಿಲ್ಲ, ಹಳೆಯ ಯೂನಿಟ್‌ಗಳ ಬೆಲೆಯೂ ಲಾಭದಂತೆ ತೋರುತ್ತದೆ. ಗಳಿಕೆ ನಂಬಲಾಗದಷ್ಟು ದೊಡ್ಡದಾಗಿ ಬಂದರೆ ಮೊದಲು ಇದನ್ನೇ ನೋಡಿ. ಖಾತೆ ತೆರೆದು ವರ್ಷವೂ ಆಗಿಲ್ಲದಿದ್ದರೆ ಈ ಅಂಕಿಗೆ ಬೆಲೆ ಕೊಡಬೇಡಿ. ಎರಡು ತಿಂಗಳಲ್ಲಿ ಶೇ 5 ಏರಿದ್ದನ್ನೂ ಅದು ವರ್ಷಕ್ಕೆ ಶೇ 34ರಷ್ಟು ಎಂದು ತೋರಿಸುತ್ತದೆ.

ಹಾಗಾದರೆ ಫಂಡ್ ನಡೆಸುವವರು ಮೋಸ ಮಾಡಿದರೇ? ಇಲ್ಲ. ನಾವು ಯಾವಾಗ ಹಣ ಹಾಕುತ್ತೇವೆ, ತೆಗೆಯುತ್ತೇವೆ ಎಂಬುದು ಅವರ ಕೈಯಲ್ಲಿಲ್ಲ. ಅದಕ್ಕೇ ಸೆಬಿ 2020ರಲ್ಲಿ ಪೋರ್ಟ್‌ಫೋಲಿಯೋ ಮ್ಯಾನೇಜರ್‌ಗಳು ತಮ್ಮ ಸಾಧನೆಯನ್ನು ಟೈಮ್ ವೇಟೆಡ್ ವಿಧಾನದಲ್ಲೇ ತೋರಿಸಬೇಕು ಎಂದಿತು. ಎರಡು ಫಂಡ್‌ಗಳಲ್ಲಿ ಯಾವುದು ಮೇಲು ಎಂದು ಅಳೆಯಲು ಶೇ 12ರ ಅಂಕಿಯೇ ಸರಿ. ಶೇ 5 ತೋರಿಸಿ ಫಂಡನ್ನು ಬೈಯುವುದು ಅನ್ಯಾಯ.

ಆದರೆ ಮನೆಯ ತೀರ್ಮಾನಕ್ಕೆ ಶೇ 12 ಹಿಡಿಯುವುದೂ ಅಷ್ಟೇ ಅಪಾಯ. ಶೇ 9ರ ಚಿನ್ನದ ಸಾಲ ಹಾಗೇ ಇಟ್ಟು, 'ಫಂಡ್ ಶೇ 12 ಕೊಡುತ್ತಿದೆಯಲ್ಲ' ಎಂದು ಬೆಳೆಯ ಹಣವನ್ನೆಲ್ಲ ಅಲ್ಲಿ ಹಾಕಿದ ಮನೆ ಈ ಮೂರು ವರ್ಷದಲ್ಲಿ ಸೋತಿದೆ, ಆದರೂ ಗೆದ್ದೆವೆಂದು ತಿಳಿದಿದೆ. ಮುಂದಿನ ಮೂರು ವರ್ಷ ಹೀಗೇ ಇರುತ್ತದೆಂದು ಶೇ 5 ಹೇಳುವುದಿಲ್ಲ. ಈವರೆಗೆ ಏನಾಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ತೊಗರಿ ಹಣ ಕೇಳಲು ಮನೆಗೆ ಬರುವ ಏಜೆಂಟರು ಫಂಡಿನ ಅಂಕಿಯ ಪಕ್ಕದಲ್ಲಿ ಆ ಮನೆಯ ಅಂಕಿಯನ್ನೂ ಬರೆದು ತೋರಿಸಲಿ. ಅವರು ತೋರಿಸದಿದ್ದರೆ, ಮನೆಯಲ್ಲಿ ಮೊಬೈಲ್ ಬಳಸಲು ಬರುವ ಮಕ್ಕಳೇ ಮುಂದಿನ ಹಣ ಹಾಕುವ ಮುನ್ನ ಮೇಲಿನ ನಾಲ್ಕು ಸಾಲು ತುಂಬಿ ನೋಡಲಿ.